ಗೋಡೆಗೆ ಅಂಟಿಸಿದ ಸುತ್ತೋಲೆ ಯಾರಿಗೆ ಬರೆದದ್ದು?

ಗ್ರಾಮ ಪಂಚಾಯಿತಿಯ ಗೋಡೆಯ ಮೇಲೋ ರೇಷನ್ ಅಂಗಡಿಯ ಬಾಗಿಲಿನ ಮೇಲೋ ಇಂಥ ಕಾಗದವೊಂದು ಅಂಟಿರುವುದನ್ನು ನಾವೆಲ್ಲ ನೋಡಿದ್ದೇವೆ:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ 2ರ ಸುತ್ತೋಲೆಯನ್ವಯ ಎಲ್ಲಾ ಪಡಿತರ ಚೀಟಿದಾರರ ಕುಟುಂಬದ ಸದಸ್ಯರುಗಳ ಇ-ಕೆವೈಸಿ ಪ್ರಕ್ರಿಯೆಯನ್ನು ಕಾಲಮಿತಿಯೊಳಗೆ ಪೂರ್ಣಗೊಳಿಸುವಂತೆ ನಿರ್ದೇಶಿಸಲಾಗಿದ್ದು, ಸದರಿ ಪ್ರಕ್ರಿಯೆಯು ನಿರೀಕ್ಷಿತ ಪ್ರಗತಿ ಸಾಧಿಸದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಆದುದರಿಂದ ಬಾಕಿ ಉಳಿದ ಸದಸ್ಯರುಗಳ ಬಯೋಮೆಟ್ರಿಕ್ ದೃಢೀಕರಣವನ್ನು ಈ ಸುತ್ತೋಲೆ ತಲುಪಿದ 15 ದಿನಗಳೊಳಗಾಗಿ ಕಡ್ಡಾಯವಾಗಿ ಪೂರ್ಣಗೊಳಿಸತಕ್ಕದ್ದು. ತಪ್ಪಿದಲ್ಲಿ ಸಂಬಂಧಿಸಿದ ಸದಸ್ಯರ ಆಹಾರಧಾನ್ಯ ಹಂಚಿಕೆಯನ್ನು ನಿಯಮಾನುಸಾರ ತಡೆಹಿಡಿಯಲಾಗುವುದು. ಅಶಕ್ತರು ಹಾಗೂ ವಯೋವೃದ್ಧರ ಸಂಬಂಧ ಸೂಕ್ತ ಪರ್ಯಾಯ ಕ್ರಮ ಕೈಗೊಳ್ಳಲಾಗುವುದು. ಈ ಬಗ್ಗೆ ವ್ಯಾಪಕ ಪ್ರಚಾರ ನೀಡಿ ಪಾಲನಾ ವರದಿ ಸಲ್ಲಿಸಲು ಸೂಚಿಸಲಾಗಿದೆ."

ಇದು ಯಾವ ಕಚೇರಿಯೂ ಹೊರಡಿಸಿದ ಕಾಗದವಲ್ಲ. ಕಚೇರಿಗಳ ಬರವಣಿಗೆಯ ರೀತಿಯನ್ನೇ ಹಿಡಿದು ಈ ಲೇಖನಕ್ಕಾಗಿ ನಾನು ಬರೆದ ಮಾದರಿ. ಇದರಲ್ಲಿನ ಗಡುವನ್ನು ಯಾರೂ ನಿಜವೆಂದು ತೆಗೆದುಕೊಳ್ಳಬೇಕಾಗಿಲ್ಲ. ಆದರೆ ವಿಷಯ ಮಾತ್ರ ಮನೆಮನೆಯದು: ರೇಷನ್ ಕಾರ್ಡಿನಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟು, ಆಧಾರ್‌ನಲ್ಲಿರುವ ವ್ಯಕ್ತಿ ತಾವೇ ಎಂದು ಖಚಿತಪಡಿಸಬೇಕು. ಜನ ಇದನ್ನು 'ಥಂಬ್ ಕೊಡೋದು' ಅನ್ನುತ್ತಾರೆ. ಈ ಒಂದು ಕಾಗದವನ್ನು ಜನ ಓದಿ ನಾಳೆಯೇ ಕೆಲಸ ಮಾಡಬಹುದಾದ ಪ್ರಕಟಣೆಯಾಗಿ ಬದಲಿಸುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ.

ಕಾಗದದ ವಿಳಾಸ ಬೇರೆಯದು

ಮೊದಲು ಸುತ್ತೋಲೆಗೆ ನ್ಯಾಯ ಸಲ್ಲಿಸಬೇಕು. ಅದು ನಾಗರಿಕರಿಗೆ ಬರೆದ ಪತ್ರವೇ ಅಲ್ಲ. ರಾಜಧಾನಿಯ ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಹಶೀಲ್ದಾರರಿಗೆ, ಅಲ್ಲಿಂದ ಆಹಾರ ಶಿರಸ್ತೇದಾರರಿಗೆ, ಆಹಾರ ನಿರೀಕ್ಷಕರಿಗೆ ಇಳಿಯುವ ಆಡಳಿತದ ಒಳಗಿನ ಮಾತು ಅದು. ಹಿಂದಿನ ಆದೇಶ ಯಾವುದು, ಯಾವ ಅಧಿಕಾರದ ಮೇಲೆ ಈ ಸೂಚನೆ ಹೊರಟಿದೆ, ವರದಿ ಯಾರಿಗೆ ಹೋಗಬೇಕು ಎಂಬುದೆಲ್ಲ ಆ ಓದುಗನಿಗೆ ಬೇಕಾದದ್ದೇ. ನಾಳೆ ಲೆಕ್ಕಪರಿಶೋಧನೆ ಬಂದರೆ, ಯಾರಾದರೂ ನ್ಯಾಯಾಲಯಕ್ಕೆ ಹೋದರೆ, ಆ ಉಲ್ಲೇಖ ಸಂಖ್ಯೆಗಳೇ ಅಧಿಕಾರಿಯ ಕೈ ಹಿಡಿಯುತ್ತವೆ.

ತೊಂದರೆ ಶುರುವಾಗುವುದು ಕೊನೆಯ ಸಾಲಿನ 'ವ್ಯಾಪಕ ಪ್ರಚಾರ ನೀಡಿ' ಎಂಬ ಮಾತನ್ನು ಪಾಲಿಸುವಾಗ. ಕೆಳಗಿನ ಕಚೇರಿ ಆ ಕಾಗದದ ನಕಲು ತೆಗೆದು ಗೋಡೆಗೆ ಅಂಟಿಸುತ್ತದೆ, ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತದೆ. ಅಧಿಕಾರಿಗೆ ಬರೆದ ಕಾಗದ ಅಲ್ಲಿಗೆ ಪ್ರಜೆಯ ಕೈ ಸೇರುತ್ತದೆ. ಪ್ರಚಾರ ಆಯಿತು ಎಂಬ ವರದಿಯೂ ಹೋಗುತ್ತದೆ. ಓದಿದವರಿಗೆ ಮಾತ್ರ ತಾವು ಏನು ಮಾಡಬೇಕೆಂದು ತಿಳಿದಿರುವುದಿಲ್ಲ.

ಮಾಹಿತಿ ಹಕ್ಕು ಕಾಯ್ದೆ, 2005 ಈ ವಿಷಯದಲ್ಲಿ ಕಚೇರಿಗಳ ಮೇಲೆ ಒಂದು ಹೊಣೆ ಹೊರಿಸಿದೆ. ಅದರ 4ನೇ ಪ್ರಕರಣದ 4ನೇ ಉಪಪ್ರಕರಣದ ಪ್ರಕಾರ, ಮಾಹಿತಿಯನ್ನು ಜನರಿಗೆ ತಲುಪಿಸುವಾಗ ಖರ್ಚು, ಸ್ಥಳೀಯ ಭಾಷೆ ಮತ್ತು ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ಸಂವಹನ ವಿಧಾನ ಇವನ್ನು ಗಮನದಲ್ಲಿಡಬೇಕು. ಮೇಲಿನ ಮಾದರಿ ಕಾಗದದಲ್ಲಿ ಕನ್ನಡ ಇದೆ, ಖರ್ಚೂ ಕಡಿಮೆ. ಪರಿಣಾಮಕಾರಿ ವಿಧಾನವೆಂಬ ಮೂರನೆಯ ಅಂಶವೇ ಕಾಣೆಯಾಗಿದೆ.

ಪ್ರತಿ ಕ್ರಿಯಾಪದಕ್ಕೂ ಒಬ್ಬ ಮನುಷ್ಯ

ಪರಿವರ್ತನೆಗೆ ಕೂತವರು ಮೊದಲು ಮಾಡಬೇಕಾದದ್ದು ಕಠಿಣ ಪದಗಳನ್ನು ಹುಡುಕುವುದಲ್ಲ, ಕ್ರಿಯಾಪದಗಳಿಗೆ ಗೆರೆ ಹಾಕುವುದು. ನಮ್ಮ ಮಾದರಿಯ ಐದು ವಾಕ್ಯಗಳಲ್ಲಿ ನಿರ್ದೇಶಿಸಲಾಗಿದ್ದು, ಪರಿಗಣಿಸಲಾಗಿದೆ, ಪೂರ್ಣಗೊಳಿಸತಕ್ಕದ್ದು, ತಡೆಹಿಡಿಯಲಾಗುವುದು, ಕೈಗೊಳ್ಳಲಾಗುವುದು, ಸೂಚಿಸಲಾಗಿದೆ ಎಂಬ ಆರು ಮುಖ್ಯ ಕ್ರಿಯಾಪದಗಳಿವೆ. ಒಂದರಲ್ಲೂ ಮಾಡುವವರು ಕಾಣುವುದಿಲ್ಲ.

ಕನ್ನಡದಲ್ಲಿ ಇದು ಎದ್ದು ಕಾಣುವ ಕೊರತೆ, ಏಕೆಂದರೆ ನಮ್ಮ ಕ್ರಿಯಾಪದ ಮಾಡುವವರನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. 'ಬನ್ನಿ' ಎಂದರೆ ಬರಬೇಕಾದವರು ನೀವು, 'ಬರುತ್ತೇವೆ' ಎಂದರೆ ನಾವು, 'ಬರುತ್ತಾರೆ' ಎಂದರೆ ಅವರು. ಬೇರೆ ಪದ ಸೇರಿಸದೆಯೇ ಇಷ್ಟೂ ತಿಳಿಯುತ್ತದೆ. 'ಲಾಗಿದೆ', 'ಲಾಗುವುದು', 'ತಕ್ಕದ್ದು' ಬಂದ ಕೂಡಲೇ ಆ ಗುರುತು ಅಳಿಸಿಹೋಗುತ್ತದೆ. ಮಾಡುವವರು ಕಾರ್ಯದರ್ಶಿಯಾಗಲಿ ಅಂಗಡಿಯವರಾಗಲಿ ಅಜ್ಜಿಯಾಗಲಿ, ರೂಪ ಒಂದೇ.

ಆದ್ದರಿಂದ ಒಂದು ಹಾಳೆಯನ್ನು ಎರಡು ಭಾಗ ಮಾಡಿಕೊಳ್ಳಿ. ಎಡಕ್ಕೆ ಕಚೇರಿಯ ಕೆಲಸ, ಬಲಕ್ಕೆ ನಾಗರಿಕರ ಕೆಲಸ. ಒಂದೊಂದೇ ಕ್ರಿಯಾಪದವನ್ನು ಎತ್ತಿ, ಮಾಡುವವರು ಯಾರು ಎಂದು ಕೇಳಿ ಅದರ ಜಾಗದಲ್ಲಿ ಇಡಿ. ಮೊದಲ ವಾಕ್ಯ ಪೂರ್ತಿ ಎಡಕ್ಕೆ ಹೋಗುತ್ತದೆ, ಏಕೆಂದರೆ ಅದು ಮೇಲಿನ ಕಚೇರಿ ಕೆಳಗಿನ ಕಚೇರಿಗೆ ತೋರಿಸಿದ ಅಸಮಾಧಾನ. ಕೊನೆಯ ವಾಕ್ಯವೂ ಎಡಕ್ಕೇ. ಇವೆರಡು ಪ್ರಕಟಣೆಯಲ್ಲಿ ಬರುವ ಅಗತ್ಯವೇ ಇಲ್ಲ.

ಎರಡನೆಯ ವಾಕ್ಯದಲ್ಲಿ 'ಪೂರ್ಣಗೊಳಿಸತಕ್ಕದ್ದು' ಎಂಬ ಒಂದೇ ಪದದಲ್ಲಿ ಇಬ್ಬರ ಕೆಲಸ ಅಡಗಿದೆ. ಕುಟುಂಬದವರು ಅಂಗಡಿಗೆ ಬಂದು ಬೆರಳಿಡಬೇಕು, ಅಂಗಡಿಯವರು ಯಂತ್ರ ಚಾಲೂ ಇಟ್ಟು ಅದನ್ನು ದಾಖಲಿಸಬೇಕು. ಮೂರನೆಯದರಲ್ಲಿ ಅಕ್ಕಿ ನಿಲ್ಲಿಸುವವರು ಅಂಗಡಿಯವರಲ್ಲ, ಇಲಾಖೆ. ಇದನ್ನು ಬಿಡಿಸಿ ಹೇಳದಿದ್ದರೆ ಜನ ಜಗಳಕ್ಕೆ ನಿಲ್ಲುವುದು ಅಂಗಡಿಯ ಮುಂದೆ. ನಾಲ್ಕನೆಯದರಲ್ಲಿ ಹಾಸಿಗೆ ಹಿಡಿದವರಿಗೆ ಪರ್ಯಾಯ ಕ್ರಮ ಕೈಗೊಳ್ಳುವವರು ಯಾರು? ಸುತ್ತೋಲೆ ಹೇಳುವುದಿಲ್ಲ. ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ಸುತ್ತೋಲೆ ಬಿಟ್ಟ ಜಾಗಗಳು

ಈ ಹಂತದಲ್ಲಿ ಒಂದು ಸತ್ಯ ಹೊರಬೀಳುತ್ತದೆ. ಕಾಗದ ಅರ್ಥವಾಗದೆ ಇದ್ದದ್ದು ಪದಗಳಿಂದ ಮಾತ್ರವಲ್ಲ, ಬೇಕಾದ ಮಾಹಿತಿಯೇ ಅದರಲ್ಲಿ ಇರಲಿಲ್ಲ. 'ದೃಢೀಕರಣ'ವನ್ನು 'ಬೆರಳಚ್ಚು' ಎಂದು ಬದಲಿಸಿದ ಮಾತ್ರಕ್ಕೆ ಆ ಮಾಹಿತಿ ಬರುವುದಿಲ್ಲ. ತಾಲ್ಲೂಕಿನ ಆಹಾರ ಶಾಖೆಗೆ ಹೋಗಿ ಕೇಳಿ ತರಬೇಕು.

'ಸುತ್ತೋಲೆ ತಲುಪಿದ 15 ದಿನಗಳೊಳಗಾಗಿ' ಎಂಬುದನ್ನೇ ನೋಡಿ. ಯಾರಿಗೆ ತಲುಪಿದ ದಿನದಿಂದ? ತಹಶೀಲ್ದಾರರ ಟಪಾಲಿಗೆ ಬಂದ ದಿನವೇ, ಗೋಡೆಗೆ ಅಂಟಿಸಿದ ದಿನವೇ? ನಾಗರಿಕರಿಗೆ ಗಡುವನ್ನು ಎಣಿಕೆಯಲ್ಲಿ ಕೊಡಬಾರದು, ತಾರೀಖು ಮತ್ತು ವಾರದಲ್ಲಿ ಕೊಡಬೇಕು. ನಮ್ಮ ಮಾದರಿಗೆ 'ನವೆಂಬರ್ 29, ಶನಿವಾರ' ಎಂದಿಟ್ಟುಕೊಳ್ಳೋಣ.

ಇನ್ನು 'ಎಲ್ಲಾ ಸದಸ್ಯರುಗಳ' ಎಂಬ ಮಾತು. ಐದು ವರ್ಷದೊಳಗಿನ ಮಕ್ಕಳ ಆಧಾರ್‌ನಲ್ಲಿ ಬೆರಳಚ್ಚು ದಾಖಲಾಗಿರುವುದಿಲ್ಲ. ಐದು ತುಂಬಿದ ಮೇಲೆ ಒಮ್ಮೆ, ಹದಿನೈದು ತುಂಬಿದ ಮೇಲೆ ಮತ್ತೊಮ್ಮೆ ಅದನ್ನು ಆಧಾರ್ ಕೇಂದ್ರದಲ್ಲಿ ದಾಖಲಿಸಬೇಕು. ಹಾಗಿರುವಾಗ ಮೂರು ವರ್ಷದ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅಂಗಡಿಯ ಮುಂದೆ ಸಾಲು ನಿಲ್ಲುವ ತಾಯಿಗೆ ನಾವು ಏನು ಹೇಳುತ್ತೇವೆ? ಏಳು ವರ್ಷದ ಮಗುವಿನ ಬೆರಳು ಯಂತ್ರಕ್ಕೆ ಹೊಂದದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಬೇಕೆಂದು ಯಾರು ತಿಳಿಸುತ್ತಾರೆ? ಕೂಲಿ ಮಾಡಿ ಬೆರಳ ಗೆರೆ ಸವೆದವರದು ಇನ್ನೊಂದು ಪ್ರಶ್ನೆ. ಊರಲ್ಲಿ ಕಾರ್ಡ್ ಇದ್ದು ಬೆಂಗಳೂರಿನಲ್ಲಿ ದುಡಿಯುವ ಮಗ ಬಸ್ಸು ಹತ್ತಿ ಬರಬೇಕೇ, ಅಲ್ಲಿಯೇ ಹತ್ತಿರದ ಅಂಗಡಿಯಲ್ಲಿ ಬೆರಳಿಟ್ಟರೆ ಸಾಕೇ ಎಂಬುದು ಮತ್ತೊಂದು. ಇವೆಲ್ಲ ವಿರಳ ಪ್ರಸಂಗಗಳಲ್ಲ, ಯಾವುದೇ ಬೀದಿಯಲ್ಲಿ ಮೂರು ಮನೆ ದಾಟುವಷ್ಟರಲ್ಲಿ ಸಿಗುವಂಥವು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ವಿಷಯವನ್ನು ಸುತ್ತೋಲೆ ಊಹಿಸುವುದೂ ಇಲ್ಲ. ಪ್ರತಿ ತಿಂಗಳು ಅಕ್ಕಿ ತರುವಾಗ ಮನೆಯ ಒಬ್ಬರು ಅದೇ ಯಂತ್ರದ ಮೇಲೆ ಬೆರಳಿಡುತ್ತಾರೆ. 'ನಾವು ತಿಂಗಳಾ ಥಂಬ್ ಕೊಡ್ತೀವಲ್ಲ, ಮತ್ತೇನು?' ಎಂದು ಅವರು ಕಾಗದವನ್ನು ಓದದೆಯೇ ಮುಂದೆ ಹೋಗುತ್ತಾರೆ. ಆ ಬೆರಳು ಆ ತಿಂಗಳ ಅಕ್ಕಿಗೆ. ಇ-ಕೆವೈಸಿಗೆ ಮನೆಯ ಪ್ರತಿಯೊಬ್ಬರೂ ಬೇರೆಯಾಗಿ ಬೆರಳಿಡಬೇಕು. ಈ ಒಂದು ವಾಕ್ಯ ಇಲ್ಲದ ಪ್ರಕಟಣೆ ಅರ್ಧ ಊರಿಗೆ ತಲುಪಿದರೂ ತಲುಪಿದಂತಲ್ಲ.

ಶಿಕ್ಷೆಯ ಸಾಲನ್ನು ತೂಗಿ ಬರೆಯುವುದು

'ಆಹಾರಧಾನ್ಯ ಹಂಚಿಕೆಯನ್ನು ನಿಯಮಾನುಸಾರ ತಡೆಹಿಡಿಯಲಾಗುವುದು' ಎಂಬ ವಾಕ್ಯ ಊರಿಗೆ ಬರುವಷ್ಟರಲ್ಲಿ 'ಕಾರ್ಡ್ ರದ್ದಾಗುತ್ತಂತೆ' ಎಂದಾಗಿರುತ್ತದೆ. ತಡೆಹಿಡಿಯುವುದಕ್ಕೂ ರದ್ದು ಮಾಡುವುದಕ್ಕೂ ಕಚೇರಿಯಲ್ಲಿ ಬಹಳ ಅಂತರ. ತಡೆಹಿಡಿದದ್ದನ್ನು ಮತ್ತೆ ಬಿಡುಗಡೆ ಮಾಡಬಹುದು, ರದ್ದಾದ ಕಾರ್ಡಿಗೆ ಮತ್ತೆ ಮೊದಲಿನಿಂದ ಓಡಾಡಬೇಕು. ಸುತ್ತೋಲೆಯಲ್ಲಿ ಇರುವುದು ತಡೆಹಿಡಿಯುವ ಮಾತು ಮಾತ್ರ, ಅದೂ 'ಸಂಬಂಧಿಸಿದ ಸದಸ್ಯರ' ಪಾಲಿನದು. ಪ್ರಕಟಣೆಯಲ್ಲಿ ಇದನ್ನು ನಿಚ್ಚಳವಾಗಿ ಹೇಳಬೇಕು.

ಇಲ್ಲಿಯೂ ಕೇಳಿ ತಿಳಿಯಬೇಕಾದ ಒಂದು ಅಂಶವಿದೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ಆದ್ಯತಾ ಕುಟುಂಬಗಳಿಗೆ ಧಾನ್ಯ ಸಿಗುವುದು ತಲೆಲೆಕ್ಕದಲ್ಲಿ, ಒಬ್ಬರಿಗೆ ತಿಂಗಳಿಗೆ 5 ಕೆ.ಜಿ. ಅಂತ್ಯೋದಯ ಕಾರ್ಡಿಗೆ ಮನೆಲೆಕ್ಕದಲ್ಲಿ 35 ಕೆ.ಜಿ. ಒಬ್ಬ ಸದಸ್ಯರ ಪಾಲು ನಿಲ್ಲುತ್ತದೆ ಎಂಬ ಮಾತು ಮೊದಲನೆಯವರಿಗೆ ಸರಳವಾಗಿ ಹೊಂದುತ್ತದೆ. ಮನೆಲೆಕ್ಕದ ಕಾರ್ಡಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಕಚೇರಿಯೇ ಹೇಳಬೇಕು. ಬರೆಯುವವರು ಊಹಿಸಿ ತುಂಬಿಸಬಾರದು.

ಸರಳಗೊಳಿಸುವವರು ದಾಟಬಾರದ ಗೆರೆ ಇದೇ. 'ತಕ್ಕದ್ದು' ಎಂಬುದನ್ನು 'ಬೇಕು' ಎಂದು ಬರೆಯಬಹುದು, 'ಕೊಟ್ಟರೆ ಒಳ್ಳೆಯದು' ಎಂದು ಮೆದುಮಾಡುವಂತಿಲ್ಲ. ಸುತ್ತೋಲೆ ಕೊಡದ ರಿಯಾಯಿತಿಯನ್ನು ಪ್ರಕಟಣೆ ಕೊಡುವಂತಿಲ್ಲ, ಅದು ಹಾಕದ ಬೆದರಿಕೆಯನ್ನು ಹಾಕುವಂತೆಯೂ ಇಲ್ಲ. ಅದಕ್ಕಾಗಿಯೇ ಬರೆದು ಮುಗಿದ ಕರಡನ್ನು ಅಂಟಿಸುವ ಮುನ್ನ ಸಹಿ ಮಾಡುವ ಅಧಿಕಾರಿ ಮೂಲದ ಪಕ್ಕ ಇಟ್ಟು ಓದಬೇಕು, ಮತ್ತು ಪ್ರಕಟಣೆಯ ಅಡಿಯಲ್ಲಿ ಮೂಲ ಸುತ್ತೋಲೆಯ ಸಂಖ್ಯೆ, ದಿನಾಂಕ ಇರಬೇಕು.

ಪದಗಳ ಸರದಿ

ಇಷ್ಟಾದ ಮೇಲೆ ಪದಗಳಿಗೆ ಬರೋಣ. 'ಸದರಿ', 'ಅನ್ವಯ', 'ಸಂಬಂಧಿಸಿದಂತೆ' ಇಂಥವು ಎಡಭಾಗದ ವಾಕ್ಯಗಳ ಜತೆಗೇ ಬಹುಪಾಲು ಹೊರಟುಹೋಗಿರುತ್ತವೆ. ಉಳಿದವುಗಳಲ್ಲಿ ಹೆಚ್ಚು ಹಾನಿ ಮಾಡುವುದು ಸುಲಭವಾಗಿ ಕಾಣುವ 'ಸೂಕ್ತ' ಮತ್ತು 'ನಿಯಮಾನುಸಾರ'. ಓದುವಾಗ ತಡೆಯುವುದೇ ಇಲ್ಲ, ಆದರೆ ಏನನ್ನೂ ಹೇಳುವುದಿಲ್ಲ. 'ಸೂಕ್ತ ಕ್ರಮ' ಎಂದಲ್ಲಿ ಆ ಕ್ರಮ ಯಾವುದೆಂದು ಬರೆಯಿರಿ. ಬರೆಯಲು ಆಗದಿದ್ದರೆ ಕಚೇರಿ ಅದನ್ನು ಇನ್ನೂ ತೀರ್ಮಾನಿಸಿಲ್ಲ ಎಂದರ್ಥ.

ಇನ್ನೊಂದು ಬದಿಯಲ್ಲಿ, ಪರಭಾಷೆಯದೆಂದು 'ಇ-ಕೆವೈಸಿ'ಯನ್ನು ತೆಗೆದುಹಾಕುವುದು ತಪ್ಪು. ಅಂಗಡಿಯವರು ಅದನ್ನೇ ಹೇಳುತ್ತಾರೆ, ಸಹಾಯವಾಣಿಯವರೂ ಅದನ್ನೇ ಕೇಳುತ್ತಾರೆ. ಜನ ಹೋಗಿ ಕೇಳಬೇಕಾದ ಹೆಸರು ಅದು. ಒಮ್ಮೆ ಅರ್ಥ ಹೇಳಿ, ಮುಂದೆ ಅದನ್ನೇ ಬಳಸಿದರೆ ಸಾಕು. ಹಾಗೆಯೇ ಒಂದೇ ವಸ್ತುವಿಗೆ ಒಂದೇ ಹೆಸರಿರಲಿ. ಒಂದು ಕಡೆ ಪಡಿತರ ಚೀಟಿ, ಇನ್ನೊಂದು ಕಡೆ ರೇಷನ್ ಕಾರ್ಡ್ ಎಂದು ಬರೆದರೆ, ಎರಡು ಬೇರೆ ಕಾಗದ ತರಬೇಕೇನೋ ಎಂದು ಓದುಗರಿಗೆ ಅನುಮಾನ ಬರುವುದು ಸಹಜ.

ಆಹಾರ ಶಾಖೆ ನಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಿದೆ ಎಂದು ಭಾವಿಸಿ ಬರೆದ ಪ್ರಕಟಣೆ ಹೀಗಿರುತ್ತದೆ. ಇದರಲ್ಲಿನ ಉತ್ತರಗಳೂ ಮಾದರಿಗಾಗಿ ಇಟ್ಟವು. ನಿಮ್ಮ ತಾಲ್ಲೂಕಿನ ನಿಯಮವನ್ನು ಅಲ್ಲಿಯೇ ಕೇಳಿ ತಿಳಿಯಬೇಕು.

ರೇಷನ್ ಕಾರ್ಡಿನಲ್ಲಿ ಹೆಸರಿರುವ ಪ್ರತಿಯೊಬ್ಬರೂ ನವೆಂಬರ್ 29, ಶನಿವಾರದೊಳಗೆ ರೇಷನ್ ಅಂಗಡಿಯಲ್ಲಿ ಬೆರಳಚ್ಚು ಕೊಡಿ

*ಯಾರು ಬರಬೇಕು?* ಇದುವರೆಗೆ ಇ-ಕೆವೈಸಿ ಮಾಡಿಸದವರು. ಇ-ಕೆವೈಸಿ ಎಂದರೆ, ಆಧಾರ್‌ನಲ್ಲಿರುವವರು ನೀವೇ ಎಂದು ಬೆರಳಚ್ಚು ಕೊಟ್ಟು ಖಚಿತಪಡಿಸುವುದು. ತಿಂಗಳ ಅಕ್ಕಿ ತರುವಾಗ ಕೊಡುವ ಬೆರಳಚ್ಚು ಇದಕ್ಕೆ ಲೆಕ್ಕವಲ್ಲ. ನಿಮ್ಮ ಮನೆಯಲ್ಲಿ ಯಾರದು ಬಾಕಿ ಇದೆ ಎಂದು ಅಂಗಡಿಯವರನ್ನು ಕೇಳಿ. ಒಮ್ಮೆ ಮಾಡಿಸಿದ್ದರೆ ಮತ್ತೆ ಬರಬೇಕಾಗಿಲ್ಲ.

*ಯಾರು ಬರಬೇಕಾಗಿಲ್ಲ?* ಐದು ವರ್ಷದೊಳಗಿನ ಮಕ್ಕಳು.

*ಎಲ್ಲಿ, ಯಾವಾಗ?* ನಿಮ್ಮ ರೇಷನ್ ಅಂಗಡಿಯಲ್ಲಿ, ಬೆಳಿಗ್ಗೆ 8ರಿಂದ 12, ಸಂಜೆ 4ರಿಂದ 8. ಬೇರೆ ಊರಿನಲ್ಲಿರುವವರು ಅಲ್ಲಿನ ಯಾವುದೇ ರೇಷನ್ ಅಂಗಡಿಯಲ್ಲಿ ಕೊಡಬಹುದು.

*ಏನು ತರಬೇಕು?* ರೇಷನ್ ಕಾರ್ಡ್ ಮತ್ತು ಆಧಾರ್ ಕಾರ್ಡ್. ಹಣ ಕೊಡಬೇಡಿ, ಇದು ಉಚಿತ.

*ಬೆರಳಚ್ಚು ಹೊಂದದಿದ್ದರೆ?* ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚನ್ನು ಹೊಸದಾಗಿ ದಾಖಲಿಸಿ. ಆಮೇಲೆ ಅಂಗಡಿಗೆ ಬನ್ನಿ.

*ಮನೆಯಿಂದ ಹೊರಬರಲಾಗದವರು ಇದ್ದರೆ?* ನವೆಂಬರ್ 22ರೊಳಗೆ ಅವರ ಹೆಸರನ್ನು ಅಂಗಡಿಯಲ್ಲಿ ಬರೆಸಿ. ಆಹಾರ ನಿರೀಕ್ಷಕರು ಯಂತ್ರದೊಂದಿಗೆ ನಿಮ್ಮ ಮನೆಗೆ ಬರುತ್ತಾರೆ.

*ಕೊಡದಿದ್ದರೆ ಏನಾಗುತ್ತದೆ?* ಬೆರಳಚ್ಚು ಕೊಡದವರ ಪಾಲಿನ ಅಕ್ಕಿಯನ್ನು ಇಲಾಖೆ ಡಿಸೆಂಬರ್‌ನಿಂದ ನಿಲ್ಲಿಸುತ್ತದೆ. ಮನೆಯ ಉಳಿದವರ ಅಕ್ಕಿ ನಿಲ್ಲುವುದಿಲ್ಲ. ಕಾರ್ಡ್ ರದ್ದಾಗುವುದಿಲ್ಲ. ಬೆರಳಚ್ಚು ಕೊಟ್ಟ ಮುಂದಿನ ತಿಂಗಳಿಂದ ಅಕ್ಕಿ ಮತ್ತೆ ಸಿಗುತ್ತದೆ.

*ತೊಂದರೆಯಾದರೆ?* ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಆಹಾರ ಶಿರಸ್ತೇದಾರರನ್ನು ಕಾಣಿ, ಅಥವಾ ಪಡಿತರ ಸಹಾಯವಾಣಿ 1967ಕ್ಕೆ ಕರೆ ಮಾಡಿ.

ಮೂಲಕ್ಕಿಂತ ಇದು ಉದ್ದವಾಗಿದೆ. ಸರಳ ಎಂದರೆ ಚಿಕ್ಕದು ಎಂದು ತಿಳಿದವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಯಾರೂ ಇದನ್ನು ಪೂರ್ತಿ ಓದಬೇಕಾಗಿಲ್ಲ. ತಲೆಬರಹದಲ್ಲೇ ಕೆಲಸ, ಜಾಗ, ಗಡುವು ಮೂರೂ ಇವೆ. ಅಷ್ಟನ್ನು ಮಾತ್ರ ಓದಿ ಹೋದವರಿಗೂ ನಷ್ಟವಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಇರುವವರ ಕಣ್ಣು ನೇರವಾಗಿ ಆ ಪ್ರಶ್ನೆಗೇ ಹೋಗುತ್ತದೆ. ಉಪಶೀರ್ಷಿಕೆಗಳನ್ನು ಪ್ರಶ್ನೆಯ ರೂಪದಲ್ಲಿ ಇಡುವುದು ಅದಕ್ಕಾಗಿ.

ಸರಿಯಾಗಿದೆಯೇ ಎಂದು ತಿಳಿಯುವ ಬಗೆ

ಕರಡನ್ನು ಅಂಟಿಸುವ ಮುನ್ನ, ಅದನ್ನು ಬರೆಯುವುದರಲ್ಲಿ ಪಾಲಿಲ್ಲದ ನಾಲ್ಕಾರು ಜನರಿಗೆ ತೋರಿಸಿ. ಆದರೆ 'ಅರ್ಥವಾಯಿತಾ?' ಎಂದು ಕೇಳಬೇಡಿ. ಕಚೇರಿಯವರು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಸಂಕೋಚಕ್ಕಾದರೂ ಹೂಂ ಎನ್ನುತ್ತಾರೆ. ಬದಲಿಗೆ ಕಾಗದವನ್ನು ಮಡಚಿಟ್ಟು ಹೀಗೆ ಕೇಳಿ: 'ಈಗ ನೀವು ಏನು ಮಾಡ್ತೀರಿ? ಮನೆಯಿಂದ ಯಾರ್‍ಯಾರು ಹೋಗ್ತೀರಿ? ಕೈಯಲ್ಲಿ ಏನೇನು ಇಟ್ಕೋತೀರಿ? ಕೊನೇ ದಿನ ಯಾವುದು? ನಿಮ್ಮ ಮಗ ಬೆಂಗಳೂರಲ್ಲಿದ್ದಾನಲ್ಲ, ಅವನು?' ಉತ್ತರ ಎಲ್ಲಿ ತಡವರಿಸುತ್ತದೋ ಅಲ್ಲಿ ಪ್ರಕಟಣೆಯ ದೋಷವಿದೆ, ಓದಿದವರದ್ದಲ್ಲ. ಒಂದೇ ಪ್ರಶ್ನೆಗೆ ಇಬ್ಬರು ತಪ್ಪಿದರೆ ಆ ವಾಕ್ಯವನ್ನು ಬರೆದದ್ದೇ ತಪ್ಪು ಎಂದುಕೊಂಡು ತಿದ್ದಬೇಕು.

ಇನ್ನೊಂದು ಪರೀಕ್ಷೆ ಕಿವಿಯದು. ಓದಲು ಬಾರದವರಿಗೆ ಈ ವಿಷಯ ತಲುಪುವುದು ಆಟೊಗೆ ಕಟ್ಟಿದ ಮೈಕಿನಿಂದ, ಇಲ್ಲವೇ ಪಕ್ಕದ ಮನೆಯ ಹುಡುಗಿ ಓದಿ ಹೇಳುವುದರಿಂದ. ಪ್ರಕಟಣೆಯನ್ನು ಗಟ್ಟಿಯಾಗಿ ಓದಿಸಿ ನೋಡಿ. ಓದುವವರು ಉಸಿರು ಸಾಲದೆ ನಡುವೆ ನಿಂತರೆ ಆ ವಾಕ್ಯವನ್ನು ಎರಡು ಮಾಡಿ. ಓದುತ್ತಲೇ ತಮ್ಮ ಮಾತಿಗೆ ತಿರುಗಿಸಿ ಹೇಳತೊಡಗಿದರೆ, ಅವರು ಹೇಳಿದ ಮಾತನ್ನೇ ಬರೆದುಕೊಳ್ಳಿ. ಅದು ನೀವು ಬರೆದದ್ದಕ್ಕಿಂತ ಚೆನ್ನಾಗಿರುವ ಸಾಧ್ಯತೆ ಹೆಚ್ಚು.

ಅಂಟಿಸಿದ ಮೇಲೂ ಒಂದು ಅಳತೆ ಉಳಿದಿರುತ್ತದೆ. ಅಂಗಡಿಯವರನ್ನು, ಆಹಾರ ಶಾಖೆಯವರನ್ನು ವಾರದ ಕೊನೆಗೆ ಕೇಳಿ: ಜನ ಬಂದು ಏನು ವಿಚಾರಿಸಿದರು, ಎಷ್ಟು ಮಂದಿ ಬರಿಗೈಲಿ ಬಂದು ವಾಪಸಾದರು, ಈಗಾಗಲೇ ಮಾಡಿಸಿದವರು ಎಷ್ಟು ಮಂದಿ ಮತ್ತೆ ಬಂದು ಸಾಲು ನಿಂತರು? ಪದೇ ಪದೇ ಬಂದ ಪ್ರಶ್ನೆಯ ಉತ್ತರ ಮುಂದಿನ ಪ್ರತಿಯಲ್ಲಿ ಸೇರಬೇಕು.

ಬರೆಯಬೇಕಾದ ಹೊತ್ತು ಯಾವುದು

ಈ ಕೆಲಸವನ್ನು ಇಂದು ಮಾಡುತ್ತಿರುವವರು ಹೆಚ್ಚಾಗಿ ಕೊನೆಯ ಮೆಟ್ಟಿಲಿನವರು. ಪಂಚಾಯಿತಿಯ ಕರವಸೂಲಿಗಾರರು, ಅಂಗನವಾಡಿ ಕಾರ್ಯಕರ್ತೆ, ಗ್ರಂಥಾಲಯ ನೋಡಿಕೊಳ್ಳುವವರು, ಅಂಗಡಿಯವರು, ಇವರೆಲ್ಲ ಬಾಯಿಮಾತಿನಲ್ಲಿ ದಿನವಿಡೀ ಸುತ್ತೋಲೆಯನ್ನು ಬಿಡಿಸಿ ಹೇಳುತ್ತಿರುತ್ತಾರೆ. ಅವರ ಶ್ರಮದ ಮೇಲೆ ನನಗೆ ಬಹಳ ಗೌರವವಿದೆ. ಆದರೆ ಕಾಗದದಲ್ಲಿ ಇಲ್ಲದ್ದನ್ನು ಅವರು ಊಹಿಸಿಯೇ ತುಂಬಬೇಕಾಗುತ್ತದೆ, ಹಾಗಾಗಿ ಒಂದು ಊರಿನಲ್ಲಿ ಮಕ್ಕಳನ್ನು ಕರೆತನ್ನಿ ಎಂದರೆ ಪಕ್ಕದೂರಿನಲ್ಲಿ ಬೇಡ ಎನ್ನುತ್ತಾರೆ. ತಪ್ಪಿದ ಊಹೆಯ ಬೆಲೆ ತೆರುವವರು ಅಕ್ಕಿ ನಿಂತುಹೋದವರು.

ಆದ್ದರಿಂದ ನಾಗರಿಕರ ಪ್ರಕಟಣೆ ಸುತ್ತೋಲೆಯ ಜತೆಗೇ, ಅದರ ಅನುಬಂಧವಾಗಿ, ಅದು ಹೊರಡುವ ಕಚೇರಿಯಿಂದಲೇ ಬರಬೇಕು. ಸ್ಥಳೀಯ ವಿಳಾಸ, ಸಮಯಗಳಿಗೆ ಮಾತ್ರ ಖಾಲಿ ಜಾಗ ಬಿಟ್ಟರೆ ಸಾಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುತ್ತೋಲೆಗೆ ಸಹಿ ಬೀಳುವ ಮುನ್ನವೇ ಆ ಪ್ರಕಟಣೆಯನ್ನು ಬರೆಯಬೇಕು ಎನ್ನುತ್ತೇನೆ. ಹಾಸಿಗೆ ಹಿಡಿದವರ ಮನೆಗೆ ಯಾರು ಹೋಗುತ್ತಾರೆ, ಮಗುವಿನ ಬೆರಳಚ್ಚಿಗೆ ಏನು ಮಾಡಬೇಕು, ನಿಂತ ಅಕ್ಕಿ ಯಾವಾಗ ಮತ್ತೆ ಬರುತ್ತದೆ ಎಂಬ ಪ್ರಶ್ನೆಗಳು 'ಲಾಗುವುದು' ಎಂಬ ವಾಕ್ಯದಲ್ಲಿ ಏಳುವುದೇ ಇಲ್ಲ. 'ನಿಮ್ಮ ಮನೆಗೆ ಬರುತ್ತಾರೆ' ಎಂದು ಬರೆಯಲು ಕೂತಾಗ, ಯಾರು ಎಂದು ತೀರ್ಮಾನಿಸದೆ ವಾಕ್ಯ ಮುಗಿಯುವುದಿಲ್ಲ. ಆ ತೀರ್ಮಾನ ಸಹಿ ಬೀಳುವ ಮೊದಲೇ ಆಗಿದ್ದರೆ ಸುತ್ತೋಲೆಯೂ ಸರಿಯಾಗಿರುತ್ತದೆ, ಪ್ರಕಟಣೆಯೂ ಸರಿಯಾಗಿರುತ್ತದೆ.